ಮನೆ ಡಾಕ್ಟರ್ ಇಲ್ಲದ ಊರಲ್ಲಿ ಇಂಥ ತೊಂದರೆ ಯಾರಿಗೆ ಹೇಳೋದು? (ಇಂಗ್ಲೆಂಡ್)

ಸಾಧನಕೇರಿ_28

ಎಲ್ಲರಿಗೂ ನಮಸ್ಕಾರ. ಧಾರವಾಡದವನು, ಸಾಫ್ಟ್‌ವೇರ್ ಕೆಲಸಕ್ಕೆ ಮ್ಯಾಂಚೆಸ್ಟರ್‌ಗೆ ಬಂದು ಎಂಟು ತಿಂಗಳಾಯಿತು. ಮದುವೆ ಆಗಿಲ್ಲ. ಈ ಖಾತೆಯನ್ನು ಈ ಪ್ರಶ್ನೆಗಾಗಿಯೇ ತೆರೆದಿದ್ದೇನೆ, ದಯವಿಟ್ಟು ಯಾರೂ ಗುರುತು ಹಿಡಿಯಲು ಹೋಗಬೇಡಿ.

ಹತ್ತೊಂಬತ್ತು ದಿನದ ಹಿಂದೆ ಒಬ್ಬರ ಜೊತೆ ಸಂಬಂಧ ಆಯಿತು. ಕಾಂಡೋಮ್ ಇರಲಿಲ್ಲ. ಆರನೇ ದಿನಕ್ಕೆ ಮೂತ್ರಕ್ಕೆ ಹೋದರೆ ಉರಿ ಶುರುವಾಯಿತು. ಮರುದಿನ ಒಳಬಟ್ಟೆಯಲ್ಲಿ ಹಳದಿ ಕಲೆ. ಹುಬ್ಬಳ್ಳಿಯಿಂದ ಬರುವಾಗ ಜ್ವರ, ಕೆಮ್ಮಿಗೆ ಅಂತ ಅಜಿತ್ರೊಮೈಸಿನ್ ಪಟ್ಟಿ ತಂದಿದ್ದೆ, ಮೂರು ಗುಳಿಗೆ. ಮೂರು ದಿನ ನುಂಗಿದೆ. ಕಡಿಮೆಯಾಯಿತು. ಈಗ ಮತ್ತೆ ಬಂದಿದೆ.

ಇಲ್ಲಿ ಯಾವ ಕಾಯಿಲೆಗೂ ಮೊದಲು ನೋಡುವ ಡಾಕ್ಟರನ್ನು ಜಿಪಿ ಅನ್ನುತ್ತಾರೆ, ಅವರ ಹತ್ತಿರ ಹೋಗಿದ್ದೆ. ಕೌಂಟರ್‌ನಲ್ಲಿದ್ದವರು ಗಾಜಿನ ಆಚೆಯಿಂದ ಜೋರಾಗಿ ‘ಯಾವ ತೊಂದರೆಗೆ ಬಂದಿದ್ದೀರಿ’ ಅಂತ ಕೇಳಿದರು. ನನ್ನ ಹಿಂದೆ ನಮ್ಮ ಆಫೀಸಿನವರೇ ಇಬ್ಬರು ನಿಂತಿದ್ದರು. ಬಾಯಿಂದ ಮಾತೇ ಬರಲಿಲ್ಲ. ‘ಬೆನ್ನು ನೋವು’ ಅಂದುಬಿಟ್ಟೆ. ಎರಡು ವಾರದ ನಂತರದ ತಾರೀಖು ಕೊಟ್ಟರು, ಬೆನ್ನು ನೋವಿಗೆ.

ಊರಲ್ಲಾದರೆ ನಮ್ಮ ಡಾಕ್ಟರ್ ಕಾಕಾ ಇದ್ದರು. ನಾನು ಹುಟ್ಟಿದಾಗಿನಿಂದ ಅವರೇ ನೋಡಿದ್ದು. ಇಲ್ಲಿ ನಂಬಿಕೆಯ ಡಾಕ್ಟರ್ ಅಂತ ಯಾರನ್ನು ಹಿಡಿಯಬೇಕು? ಕಂಪನಿಗೆ ಗೊತ್ತಾಗುತ್ತಾ? ವೀಸಾಕ್ಕೆ ತೊಂದರೆ ಆಗುತ್ತಾ?

ಬೆಂಗೇರಿ_ಕಾಕಾ

ತಮ್ಮಾ, ಉರಿ ಮೂತ್ರ ಅಂದರೆ ಉಷ್ಣ. ಅಲ್ಲಿ ಚಳಿ ಅಂತ ಹೀಟರ್ ಹಚ್ಚಿಕೊಂಡು ಕೂತಿರುತ್ತೀರಿ, ನೀರು ಕುಡಿಯಲ್ಲ. ಬಾರ್ಲಿ ನೀರು ಕುಡಿ, ಎಳನೀರು ಸಿಕ್ಕರೆ ಅದು. ನನಗೂ ಹೀಗೇ ಆಗಿತ್ತು, ಆಮೇಲೆ ನೋಡಿದರೆ ಕಿಡ್ನಿಯಲ್ಲಿ ಹರಳು. ಕೇಶ್ವಾಪುರದಲ್ಲಿ ಸ್ಕ್ಯಾನ್ ಮಾಡಿಸಿದೆ.

ಉಣಕಲ್_ಕೆರೆ

ಕಾಕಾ, ಹರಳಿಗೆ ಒಳಬಟ್ಟೆಯಲ್ಲಿ ಕೀವು ಬರಲ್ಲ ರೀ. ಅವನು ಏನು ಕೇಳಿದ್ದಾನೆ ಅಂತ ಇನ್ನೊಮ್ಮೆ ಓದಿ.

ಬ್ಯಾಡಗಿ_ಖಾರ

ಹುಷಾರಾಗಿರಪ್ಪಾ. ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಬಿಲ್ ಬಾಕಿ ಉಳಿದರೆ ವೀಸಾ ನೋಡುವ ಹೋಮ್ ಆಫೀಸ್‌ಗೆ ಹೋಗುತ್ತದೆ, ವೀಸಾ ನವೀಕರಣಕ್ಕೆ ಕುತ್ತು. ನನ್ನ ರೂಮ್‌ಮೇಟ್ ಹೇಳಿದ್ದು. ಮೂರು ತಿಂಗಳು ಆಗುವ ತನಕ ಎಚ್‌ಐವಿ ಪರೀಕ್ಷೆಗೆ ಅರ್ಥವೂ ಇಲ್ಲ. ಅಲ್ಲಿವರೆಗೆ ಸುಮ್ಮನಿದ್ದು, ಊರಿಗೆ ಬಂದಾಗ ತೋರಿಸಿಕೋ.

ಬೆಟಗೇರಿ_ಅಕ್ಕ

ಸಾಧನಕೇರಿ ತಮ್ಮಾ, ನಾನು ಗದಗಿನವಳು. ಇಂಗ್ಲೆಂಡಿನಲ್ಲಿ ಇದೇ ಕೆಲಸದ ಕ್ಲಿನಿಕ್‌ನಲ್ಲಿ ನರ್ಸ್ ಆಗಿ ಏಳು ವರ್ಷ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ನೀನು ತಪ್ಪು ಬಾಗಿಲಿಗೆ ಹೋಗಿದ್ದೀಯ, ಅಷ್ಟೇ. ಇಲ್ಲಿ ಈ ಕಾಯಿಲೆಗಳಿಗೆ ಜಿಪಿ ದಾರಿಯೇ ಬೇಕಿಲ್ಲ. ‘ಸೆಕ್ಶುವಲ್ ಹೆಲ್ತ್ ಕ್ಲಿನಿಕ್’ ಅಂತ ಬೇರೆಯೇ ಇರುತ್ತವೆ. ಹಳಬರು ‘ಗಮ್ ಕ್ಲಿನಿಕ್’ ಅನ್ನುತ್ತಾರೆ. ಜಿಪಿ ಚೀಟಿ ಬೇಡ, ಜಿಪಿ ನೋಂದಣಿಯೂ ಬೇಡ. ನಿನ್ನ ಏರಿಯಾದ್ದೇ ಆಗಬೇಕು ಅಂತಿಲ್ಲ. ಆಫೀಸಿನವರು ಕಾಣುತ್ತಾರೆ ಅಂತ ಹೆದರಿಕೆ ಇದ್ದರೆ ಪಕ್ಕದ ಊರಿನ ಕ್ಲಿನಿಕ್‌ಗೆ ಹೋಗು. ನಮ್ಮಲ್ಲಿಗೆ ಎಷ್ಟೋ ಜನ ಹಾಗೇ ಬರುತ್ತಾರೆ.

ಕೌಂಟರ್‌ನಲ್ಲಿ ಜೋರಾಗಿ ಕಾರಣ ಕೇಳುವ ಪ್ರಶ್ನೆಯೇ ಬರಲ್ಲ. ಅಲ್ಲಿಗೆ ಬಂದವರೆಲ್ಲ ಒಂದೇ ಕಾರಣಕ್ಕೆ ಬಂದವರು. ಒಂದು ಫಾರ್ಮ್ ಕೊಡುತ್ತಾರೆ, ಬರೆದು ಕೊಡಬೇಕು. ಇಲ್ಲಿಯ ದಾಖಲೆ ಬೇರೆ ಇರುತ್ತದೆ, ನೀನು ಒಪ್ಪದೆ ಜಿಪಿಗೆ ಹೋಗಲ್ಲ. ಕಂಪನಿಗೆ ಹೋಗುವ ಮಾತೇ ಇಲ್ಲ. ಇದು ಇವತ್ತು ನಿನ್ನೆಯ ಪದ್ಧತಿ ಅಲ್ಲ. 1916ರಲ್ಲಿ, ಮೊದಲ ಮಹಾಯುದ್ಧದ ಮಧ್ಯೆ, ಈ ಕಾಯಿಲೆಗಳಿಗೆ ಉಚಿತವಾಗಿ ಮತ್ತು ಗುಟ್ಟಾಗಿ ಚಿಕಿತ್ಸೆ ಕೊಡಬೇಕು ಅಂತ ಇಲ್ಲಿ ನಿಯಮ ಬಂತು. ಗುಟ್ಟು ಉಳಿಯದಿದ್ದರೆ ಜನ ಬರಲ್ಲ, ಬರದಿದ್ದರೆ ಕಾಯಿಲೆ ಹರಡುತ್ತದೆ. ಆ ಲೆಕ್ಕ ಅವರಿಗೆ ಆಗಲೇ ಗೊತ್ತಿತ್ತು.

ಬ್ಯಾಡಗಿಯವರೇ, ನೀವು ಹೇಳಿದ್ದು ಅರ್ಧ ನಿಜ. 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಆಸ್ಪತ್ರೆ ಬಾಕಿ ಇದ್ದರೆ ವೀಸಾಕ್ಕೆ ತೊಂದರೆ ಆಗಬಹುದು, ಅದು ಹೌದು. ಆದರೆ ಲೈಂಗಿಕವಾಗಿ ಹರಡುವ ಕಾಯಿಲೆಯ ಪರೀಕ್ಷೆ, ಚಿಕಿತ್ಸೆ ಎರಡಕ್ಕೂ ಇಲ್ಲಿ ಬಿಲ್ಲೇ ಇಲ್ಲ. ಯಾವ ವೀಸಾದವರಿಗೂ ಇಲ್ಲ, ಸುತ್ತಾಡಲು ಬಂದವರಿಗೂ ಇಲ್ಲ. 2012ರಿಂದ ಎಚ್‌ಐವಿ ಚಿಕಿತ್ಸೆಯೂ ಹಾಗೇ. ಬಿಲ್ ಇಲ್ಲದ ಮೇಲೆ ಬಾಕಿ ಎಲ್ಲಿಂದ?

ಈಗ ಎಲ್ಲಕ್ಕಿಂತ ಮುಖ್ಯ. ಉಳಿದ ಗುಳಿಗೆ ಇದ್ದರೆ ಮುಟ್ಟಬೇಡ. ನಾಳೆ ಬೆಳಿಗ್ಗೆ ಫೋನ್ ಮಾಡು. ‘ಕೀವು ಬರುತ್ತಿದೆ’ ಅಂತ ಸ್ಪಷ್ಟವಾಗಿ ಹೇಳು. ಸುಮ್ಮನೆ ‘ಟೆಸ್ಟ್ ಮಾಡಿಸಬೇಕು’ ಅಂದರೆ ಅಂಚೆಯಲ್ಲಿ ಕಿಟ್ ಕಳಿಸುತ್ತೇವೆ ಅನ್ನಬಹುದು. ಆ ಕಿಟ್ ಏನೂ ತೊಂದರೆ ಕಾಣದವರಿಗೆ. ನಿನ್ನನ್ನು ಕಣ್ಣಾರೆ ನೋಡಬೇಕು.

ಸಾಧನಕೇರಿ_28

ಅಕ್ಕಾ, ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಒಂದು ಪ್ರಶ್ನೆ. ಗುಳಿಗೆ ತಗೊಂಡಾಗ ಕಡಿಮೆಯಾಗಿತ್ತಲ್ಲ, ಅಂದರೆ ಅದು ಕೆಲಸ ಮಾಡಿತ್ತು ತಾನೇ? ಇನ್ನೊಂದು ಪಟ್ಟಿ ನುಂಗಿದ್ದರೆ ವಾಸಿಯಾಗುತ್ತಿತ್ತಾ?

ಬೆಟಗೇರಿ_ಅಕ್ಕ

ಇಲ್ಲ. ಅಲ್ಲೇ ಎಲ್ಲರೂ ಮೋಸ ಹೋಗೋದು.

ನೀನು ಹೇಳಿದ್ದನ್ನು ನೋಡಿದರೆ ಗೊನೊರಿಯಾ ಅನುಮಾನ ಜಾಸ್ತಿ. ಸಂಬಂಧವಾಗಿ ವಾರದೊಳಗೆ ಉರಿ, ಹಳದಿ ಕೀವು. ಪರೀಕ್ಷೆ ಆಗದೆ ಖಚಿತ ಹೇಳಲ್ಲ. ಆ ರೋಗಾಣು ಒಂದೊಂದಾಗಿ ಹಳೆಯ ಔಷಧಿಗಳನ್ನೆಲ್ಲ ಗೆದ್ದುಕೊಂಡು ಬಂದಿದೆ. ಮೊದಲು ಪೆನಿಸಿಲಿನ್, ಆಮೇಲೆ ಸಿಪ್ರೊಫ್ಲಾಕ್ಸಾಸಿನ್, ಈಗ ಅಜಿತ್ರೊಮೈಸಿನ್‌ಗೂ ಬಗ್ಗದ ತಳಿಗಳು ಎಷ್ಟೋ ಇವೆ. ಗುಳಿಗೆ ನುಂಗಿದಾಗ ಸೂಕ್ಷ್ಮವಾದ ರೋಗಾಣುಗಳು ಸಾಯುತ್ತವೆ, ಉರಿ ತಗ್ಗುತ್ತದೆ. ಗಟ್ಟಿಯಾದವು ಉಳಿದು ಮತ್ತೆ ಬೆಳೆಯುತ್ತವೆ. ಕೆಲವರಿಗೆ ಉರಿ ಪೂರ್ತಿ ನಿಂತೇ ಹೋಗುತ್ತದೆ, ಕಾಯಿಲೆ ಒಳಗೇ ಇರುತ್ತದೆ. ಅವರಿಂದ ಇನ್ನೊಬ್ಬರಿಗೆ ಹೋಗುತ್ತದೆ.

ಇನ್ನೊಂದು ನಷ್ಟ. ನಾವು ಕೀವಿನಿಂದ ರೋಗಾಣು ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಅಂತ ನೋಡುತ್ತೇವೆ. ಅರೆಬರೆ ಗುಳಿಗೆ ನುಂಗಿ ಬಂದರೆ ಅದು ಬೆಳೆಯದೇ ಇರಬಹುದು. ಹಾಗಾಗಿ ಕ್ಲಿನಿಕ್‌ನಲ್ಲಿ ಗುಳಿಗೆಯ ಹೆಸರು, ಎಷ್ಟು, ಯಾವ ದಿನ ಅಂತ ಹೇಳಲೇಬೇಕು. ನಾಚಿಕೆಗೆ ಇದನ್ನು ಮುಚ್ಚಿಡಬೇಡ. ಪಟ್ಟಿಯ ಫೋಟೋ ಇದ್ದರೆ ಒಯ್ಯಿ.

ಉಣಕಲ್_ಕೆರೆ

ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಅರ್ಧ ಮೆಡಿಕಲ್ ಶಾಪ್ ತರುವ ಚಟ ನಮ್ಮೆಲ್ಲರಿಗೂ ಇದೆ. ನಮ್ಮವ್ವ ಧಾರವಾಡ ಪೇಢೆ ಡಬ್ಬಿಯ ಕೆಳಗೆ ಎರಡು ಪಟ್ಟಿ ಆಂಟಿಬಯಾಟಿಕ್ ಇಟ್ಟು ಕಳಿಸಿದ್ದಾಳೆ.

ಮಾಳಮಡ್ಡಿ_ಮಂಜು

ನನ್ನ ಅಭಿಪ್ರಾಯ ಬೇರೆ. ಸರ್ಕಾರಿ ಕ್ಲಿನಿಕ್‌ನಲ್ಲಿ ಯಾಕೆ ಕಾಯಬೇಕು? ನಾನು ಲಂಡನ್‌ನಲ್ಲಿ ಖಾಸಗಿಯಾಗಿ ಆನ್‌ಲೈನ್‌ನಲ್ಲಿ ದೊಡ್ಡ ಪ್ಯಾಕೇಜ್ ಮಾಡಿಸಿದೆ. ಹನ್ನೆರಡು ಹದಿಮೂರು ಪರೀಕ್ಷೆ ಒಂದೇ ಸಲ. ಯೂರಿಯಾಪ್ಲಾಸ್ಮಾ ಅನ್ನುವ ರೋಗಾಣು ಇದೆ ಅಂತ ಬಂತು, ನನಗೆ ಏನೂ ತೊಂದರೆ ಇರಲಿಲ್ಲ. ಅವರೇ ಔಷಧಿ ಕಳಿಸಿದರು. ಮತ್ತೆ ಪರೀಕ್ಷೆ, ಮತ್ತೆ ಬಂತು, ಬೇರೆ ಔಷಧಿ. ದುಡ್ಡು ಹೋಯಿತು ನಿಜ, ಆದರೆ ಎಲ್ಲವನ್ನೂ ನೋಡಿದರಲ್ಲ. ಸರ್ಕಾರಿಯಲ್ಲಿ ನಾಲ್ಕೇ ಪರೀಕ್ಷೆ ಮಾಡುತ್ತಾರೆ.

ಬೆಟಗೇರಿ_ಅಕ್ಕ

ಮಂಜು, ಬೇಜಾರಾಗಬೇಡ. ಯೂರಿಯಾಪ್ಲಾಸ್ಮಾ ಆರೋಗ್ಯವಂತರಲ್ಲೂ ಬೇಕಾದಷ್ಟು ಜನರಲ್ಲಿ ಸುಮ್ಮನೆ ಇರುತ್ತದೆ. ತೊಂದರೆ ಇಲ್ಲದವರಲ್ಲಿ ಅದನ್ನು ಹುಡುಕಬೇಡಿ ಅಂತಲೇ ಯೂರೋಪಿನ ತಜ್ಞರ ಸಲಹೆ ಇದೆ. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಔಷಧಿ, ಔಷಧಿ ಮುಗಿದ ಮೇಲೆ ಮತ್ತೆ ಸಿಗುತ್ತದೆ. ನಾಲ್ಕು ಪರೀಕ್ಷೆ ಮಾಡುವುದು ಕ್ಲಮಿಡಿಯಾ, ಗೊನೊರಿಯಾ, ಸಿಫಿಲಿಸ್, ಎಚ್‌ಐವಿಗೆ. ತೊಂದರೆ ನೋಡಿಕೊಂಡು ಬೇರೆಯದನ್ನೂ ಸೇರಿಸುತ್ತಾರೆ.

ಹೊಸ ಊರಲ್ಲಿ ಜಾಗ ನಂಬಿಕೆಗೆ ಯೋಗ್ಯವೇ ಅಂತ ನಾನಾದರೆ ಹೀಗೆ ನೋಡುತ್ತೇನೆ. ‘ಯಾವಾಗ ಸಂಬಂಧ ಆಯಿತು’ ಅಂತ ಕೇಳದೆ ಪರೀಕ್ಷೆ ಮಾರಿದರೆ ಅಲ್ಲಿಂದ ಎದ್ದು ಬಾ. ಪ್ರತಿ ಪರೀಕ್ಷೆಗೂ ಒಂದು ಕಾಯುವ ಅವಧಿ ಇರುತ್ತದೆ. ತಾರೀಖು ಕೇಳದವರು ಆ ಲೆಕ್ಕವನ್ನೇ ಹಾಕುತ್ತಿಲ್ಲ. ಕ್ಲಮಿಡಿಯಾ, ಗೊನೊರಿಯಾಕ್ಕೆ ಎರಡು ವಾರ. ಎಚ್‌ಐವಿಗೆ, ತೋಳಿನಿಂದ ರಕ್ತ ತೆಗೆದು ಲ್ಯಾಬ್‌ಗೆ ಕಳಿಸುವ ಈಗಿನ ಪರೀಕ್ಷೆಗೆ 45 ದಿನ. ಬ್ಯಾಡಗಿಯವರು ಹೇಳಿದ ಮೂರು ತಿಂಗಳು ಬೆರಳು ಚುಚ್ಚಿ ಅಲ್ಲೇ ಹೇಳುವ ಪರೀಕ್ಷೆಗೆ ಸರಿ. ಸಿಫಿಲಿಸ್‌ಗೂ ಮೂರು ತಿಂಗಳವರೆಗೆ ಕಾಯಬೇಕಾಗುತ್ತದೆ. ಆದರೆ ಅಲ್ಲಿಯ ತನಕ ಸುಮ್ಮನೆ ಕೂರಬೇಕು ಅಂತಲ್ಲ. ಇವತ್ತು ಒಂದು ಮಾಡಿಸಿ, ಅವಧಿ ಮುಗಿದ ಮೇಲೆ ಇನ್ನೊಂದು.

ಖಾಸಗಿಗೇ ಹೋಗುವುದಾದರೆ ಡಾಕ್ಟರ ಹೆಸರನ್ನು ಇಲ್ಲಿಯ ಡಾಕ್ಟರುಗಳ ನೋಂದಣಿ ಸಂಸ್ಥೆ ಜಿಎಂಸಿಯ ಪಟ್ಟಿಯಲ್ಲಿ ಹುಡುಕಿ, ಎಲ್ಲರಿಗೂ ತೆರೆದಿರುತ್ತದೆ. ತಜ್ಞರಾದರೆ ಯಾವ ವಿಷಯದ ತಜ್ಞರು ಅಂತಲೂ ಅದರಲ್ಲಿ ಇರುತ್ತದೆ.

ಮಾಳಮಡ್ಡಿ_ಮಂಜು

ನೀವು ಸರ್ಕಾರಿ ಕ್ಲಿನಿಕ್‌ನಲ್ಲಿದ್ದೀರಿ, ಹಾಗೇ ಹೇಳುತ್ತೀರಿ. ಫೋನ್ ಎತ್ತಲು ನಲವತ್ತು ನಿಮಿಷ, ಬೆಳಿಗ್ಗೆ ಎಂಟಕ್ಕೆ ತೆರೆದ ಸ್ಲಾಟ್ ಎಂಟೂ ಐದಕ್ಕೆ ಖಾಲಿ. ಅದನ್ನೂ ಹೇಳಿ.

ಬೆಟಗೇರಿ_ಅಕ್ಕ

ಅದು ನಿಜ, ಒಪ್ಪುತ್ತೇನೆ. ಜನ ಕಡಿಮೆ, ದುಡ್ಡು ಕಡಿಮೆ. ಆದರೆ ಕೀವು, ಹುಣ್ಣು, ವೃಷಣ ನೋವು ಅಂದವರನ್ನು ನಾವು ಸರದಿಯಲ್ಲಿ ಮೇಲಕ್ಕೆ ಹಾಕುತ್ತೇವೆ. ಸ್ಲಾಟ್ ಕಾಣದಿದ್ದರೆ ಫೋನ್ ಮಾಡಲೇಬೇಕು.

ಹಾವೇರಿ_ಹೆಣ್ಣುಮಗಳು

ನಾನು ಅಮೆರಿಕದಲ್ಲಿದ್ದೇನೆ, ಇಲ್ಲಿ ಕಥೆ ಬೇರೆ. ನಾನು ಗಂಡನ ಇನ್ಶೂರೆನ್ಸ್‌ನಲ್ಲಿ ಇದ್ದೇನೆ. ಪದೇ ಪದೇ ಬಿಳಿ ಹೋಗುತ್ತಿತ್ತು, ಡಾಕ್ಟರ್ ಎಲ್ಲ ಪರೀಕ್ಷೆ ಬರೆದರು. ಡಾಕ್ಟರು ಯಾರಿಗೂ ಹೇಳಲಿಲ್ಲ, ನರ್ಸೂ ಹೇಳಲಿಲ್ಲ. ಆದರೆ ಮೂರು ವಾರದ ಮೇಲೆ ಇನ್ಶೂರೆನ್ಸ್‌ನಿಂದ ಒಂದು ಕಾಗದ ಬಂತು, ಯಾವ ದಿನ, ಯಾವ ಕ್ಲಿನಿಕ್, ಯಾವ ಸೇವೆಗೆ ಎಷ್ಟು ಅಂತ. ಬಂದದ್ದು ಮುಖ್ಯ ಖಾತೆದಾರರ ಹೆಸರಿಗೆ, ಅಂದರೆ ನನ್ನ ಗಂಡನಿಗೆ. ಅತ್ತೆ ಆಗ ಇಲ್ಲೇ ಇದ್ದರು. ಊಟದ ಟೇಬಲ್ ಮೇಲೆ ಆ ಲಕೋಟೆ ಒಡೆದಿತ್ತು. ‘ಇದೇನು ಪರೀಕ್ಷೆ, ಯಾಕೆ’ ಅಂತ ಕೇಳಿದರು. ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಬರೀ ಫಂಗಸ್. ಆದರೂ ಆ ಸಂಜೆ ನನಗೆ ಇನ್ನೂ ಮರೆತಿಲ್ಲ.

ಆಮೇಲೆ ಗೊತ್ತಾಯಿತು, ಇಂಥ ಕಾಗದವನ್ನು ಬೇರೆ ವಿಳಾಸಕ್ಕೆ ಅಥವಾ ನನ್ನದೇ ಖಾತೆಗೆ ಕಳಿಸಿ ಅಂತ ಇನ್ಶೂರೆನ್ಸ್‌ನವರಿಗೆ ಮೊದಲೇ ಕೇಳಿಕೊಳ್ಳಬಹುದು. ಪರೀಕ್ಷೆಗೆ ಮುಂಚೆ ಕೇಳಬೇಕು. ಕೌಂಟಿಯ ಆರೋಗ್ಯ ಇಲಾಖೆಯ ಕ್ಲಿನಿಕ್‌ಗಳಲ್ಲಿ ಇನ್ಶೂರೆನ್ಸ್ ತೋರಿಸದೆಯೂ ಕಡಿಮೆ ದುಡ್ಡಿಗೆ ಮಾಡುತ್ತಾರೆ. ನನಗೆ ಭಯ ಇದ್ದದ್ದು ಡಾಕ್ಟರದ್ದು, ಮನೆಗೆ ಮುಟ್ಟಿಸಿದ್ದು ಬಿಲ್ಲು.

ಗದಗ_ಟು_ಬರ್ಲಿನ್

ಜರ್ಮನಿಯವರಿಗೆ: ‘ಗೆಸುಂಡ್‌ಹೈಟ್ಸ್‌ಆಮ್ಟ್’ ಅಂತ ಊರಿನ ಆರೋಗ್ಯ ಕಚೇರಿ ಇರುತ್ತದೆ. ಹೆಸರೇ ಕೊಡದೆ ಎಚ್‌ಐವಿ ಪರೀಕ್ಷೆ ಮಾಡಿಸಬಹುದು, ಒಂದು ನಂಬರ್ ಕೊಡುತ್ತಾರೆ. ದುಡ್ಡಿಲ್ಲ ಅಥವಾ ಚೂರು. ಚಿಕಿತ್ಸೆ ಬೇಕಾದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಬೇಕು. ಅವರ ಬೋರ್ಡಿನಲ್ಲೇ ‘ಚರ್ಮ ಮತ್ತು ಲೈಂಗಿಕ ರೋಗ’ ಅಂತ ಬರೆದಿರುತ್ತದೆ.

ಉಣಕಲ್_ಕೆರೆ

ನಮ್ಮ ಕಡೆಯೂ ಅದೇ ಅಲ್ವಾ? ಹುಬ್ಬಳ್ಳಿಯ ಚರ್ಮದ ಡಾಕ್ಟರ ಬೋರ್ಡಿನಲ್ಲಿ ಡಿವಿಎಲ್, ಡಿಡಿವಿಎಲ್ ಅಂತ ಇರುತ್ತಲ್ಲ, ಆ ‘ವಿ’ ಇದಕ್ಕೇ. ನಾವು ಮೊಡವೆಗೆ ಅಂತ ಅಂದುಕೊಂಡಿದ್ದೆವು. ಆದರೆ ನಮ್ಮ ಹುಡುಗರು ಓದುವುದು ಹಳೇ ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ‘ಗುಪ್ತರೋಗ’ ಪೋಸ್ಟರ್. ತಿಂಗಳಿಗೊಮ್ಮೆ ಲಾಡ್ಜಿಗೆ ಬರುವವರು. ನನ್ನ ಕಾಲೇಜು ಗೆಳೆಯ ಒಬ್ಬ ಅವರಿಗೆ ಒಂದು ಸೆಮಿಸ್ಟರ್ ಫೀಸ್ ಕೊಟ್ಟ. ಅವನಿಗೆ ಇದ್ದದ್ದು ಸ್ವಪ್ನಸ್ಖಲನ, ಅಂದರೆ ಕಾಯಿಲೆಯೇ ಅಲ್ಲ. ಲೇಹ್ಯದ ಡಬ್ಬಿ ಕೊಟ್ಟು ‘ಧಾತು ಹೋಗುತ್ತಿದೆ’ ಅಂತ ಹೆದರಿಸಿದ್ದರು.

ಬೆಂಗೇರಿ_ಕಾಕಾ

ಆ ಪೋಸ್ಟರ್ ನಮ್ಮ ಕಾಲದಿಂದಲೂ ಇದೆ. ಈಗ ಓದಿದೆ ತಮ್ಮಾ, ನಿನ್ನ ಪ್ರಶ್ನೆ ತಿಳಿಯಿತು. ಬಾರ್ಲಿ ಬಿಡು, ಆ ಅಕ್ಕ ಹೇಳಿದ ಹಾಗೆ ಮಾಡು. ಒಂದು ಮಾತು: ಇಲ್ಲಿ ನಿಮ್ಮ ಡಾಕ್ಟರ್ ಕಾಕಾ ಇದ್ದಿದ್ದರೆ ನಿಜವಾಗಿ ಹೇಳುತ್ತಿದ್ದೆಯಾ? ಅವರ ಕಂಪೌಂಡರ್ ಸಂಜೆ ನಿಮ್ಮ ಓಣಿಯಲ್ಲೇ ಹಾಲು ತರಲು ಹೋಗುವವನಲ್ಲವೇ?

ಸಾಧನಕೇರಿ_28

ಕಾಕಾ, ಇಲ್ಲ. ಹೇಳುತ್ತಿರಲಿಲ್ಲ. ಇಲ್ಲಿಯವರೆಗೆ ನಾನು ಹಾಗೆ ಯೋಚಿಸಿಯೇ ಇರಲಿಲ್ಲ.

ದುರ್ಗದಬೈಲ್_34

ಇಷ್ಟು ಜನ ಬರೆದಿದ್ದಾರೆ, ನಾನೂ ಬರೆಯುತ್ತೇನೆ. ನಾನು ಗಂಡಸರನ್ನು ಪ್ರೀತಿಸುವವನು. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಒಬ್ಬ ಡಾಕ್ಟರಿಗೂ ಹೇಳಲಿಲ್ಲ. ಇಲ್ಲಿ ಮೊದಲ ಸಲ ಕ್ಲಿನಿಕ್‌ಗೆ ಹೋದಾಗ ನರ್ಸ್ ‘ಗಂಡಸರ ಜೊತೆಯೋ, ಹೆಂಗಸರ ಜೊತೆಯೋ, ಇಬ್ಬರ ಜೊತೆಯೋ’ ಅಂತ ಊರು ಯಾವುದು ಅಂತ ಕೇಳಿದಷ್ಟೇ ಸಹಜವಾಗಿ ಕೇಳಿದರು. ನಾನು ಸುಳ್ಳು ಹೇಳಿದೆ. ಮೂತ್ರ ಮಾತ್ರ ಪರೀಕ್ಷಿಸಿದರು, ಏನೂ ಇಲ್ಲ ಅಂತ ಬಂತು. ಆರು ತಿಂಗಳ ಮೇಲೆ ನಿಜ ಹೇಳಿದಾಗ ಗಂಟಲಿನಿಂದಲೂ ಗುದದಿಂದಲೂ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದರು. ಗಂಟಲಲ್ಲಿ ಗೊನೊರಿಯಾ ಇತ್ತು. ನೋವಿಲ್ಲ, ಕೆಮ್ಮಿಲ್ಲ, ಏನೂ ಇಲ್ಲ. ಎಲ್ಲಿ ಹುಡುಕಬೇಕು ಅಂತ ಅವರಿಗೆ ನಾವೇ ಹೇಳಬೇಕು.

ಆಮೇಲೆ ಹೆಪಟೈಟಿಸ್ ಲಸಿಕೆ ಹಾಕಿದರು, ಎಚ್‌ಐವಿ ಬರದ ಹಾಗೆ ತಡೆಯುವ ಪ್ರೆಪ್ ಗುಳಿಗೆಯನ್ನೂ ಶುರು ಮಾಡಿದರು. ಎರಡಕ್ಕೂ ದುಡ್ಡಿಲ್ಲ.

ಬೆಟಗೇರಿ_ಅಕ್ಕ

ಥ್ಯಾಂಕ್ಸ್ ತಮ್ಮಾ, ಇದನ್ನು ಬರೆಯಲು ಧೈರ್ಯ ಬೇಕು. ಸಾಧನಕೇರಿ, ನಿನಗೂ ಇದೇ ಮಾತು. ಬಾಯಿಂದ ಏನಾದರೂ ಆಗಿದ್ದರೆ ಹೇಳು. ನಮಗೆ ಕುತೂಹಲ ಇಲ್ಲ, ಕಡ್ಡಿ ಎಲ್ಲಿ ಹಾಕಬೇಕು ಅಂತ ಗೊತ್ತಾಗಬೇಕು.

ಕುಂದಗೋಳ_ಕೋಡರ್

ಗುಳಿಗೆ ಅಂದಾಗ ನೆನಪಾಯಿತು. ಸಂಬಂಧ ಆದ ಮೇಲೆ ತಗೊಳ್ಳುವ ಗುಳಿಗೆಯೂ ಇದೆಯಲ್ಲ, ಇವನಿಗೆ ಅದು ಆಗಲ್ವಾ?

ಬೆಟಗೇರಿ_ಅಕ್ಕ

ಅದು ಎಚ್‌ಐವಿ ತಡೆಯುವ ಪೆಪ್. 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ನುಂಗಬೇಕು. ಇವನಿಗೆ ಸಮಯ ಮೀರಿದೆ. ಬೇರೆ ಯಾರಾದರೂ ಓದುತ್ತಿದ್ದರೆ ನೆನಪಿಡಿ, ಶನಿವಾರ ರಾತ್ರಿ ಆದರೆ ಕ್ಲಿನಿಕ್ ತೆರೆಯುವ ತನಕ ಕಾಯಬೇಡಿ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಸಾಧನಕೇರಿ_28 (ಮೂರು ದಿನದ ನಂತರ)

ಹೋಗಿ ಬಂದೆ. ಪೂರ್ತಿ ಬರೆಯುತ್ತೇನೆ, ನನ್ನ ಹಾಗೆ ಇನ್ನೊಬ್ಬ ಹುಡುಗ ಓದಿದರೆ ಉಪಯೋಗ ಆಗಲಿ.

ಪಕ್ಕದ ಊರಿಗೆ ರೈಲಿನಲ್ಲಿ ಹೋದೆ. ಫೋನ್‌ನಲ್ಲಿ ‘ಎರಡು ಗಂಟೆ ಮೂತ್ರ ಹೋಗದೆ ಬನ್ನಿ’ ಅಂದಿದ್ದರು. ಒಳಗೆ ಕುರ್ಚಿಗಳು, ಒಂದು ಮೀನಿನ ತೊಟ್ಟಿ, ಒಬ್ಬ ಅಜ್ಜ ಪೇಪರ್ ಓದುತ್ತಿದ್ದರು. ನಮ್ಮ ಬ್ಯಾಂಕಿನಂತೆ ಟೋಕನ್ ನಂಬರ್, ಹೆಸರು ಕೂಗಲಿಲ್ಲ. ನನ್ನ ನಂಬರ್ 17. ‘ಪುರುಷ ಸಿಬ್ಬಂದಿ ಬೇಕಾ, ಪಕ್ಕದಲ್ಲಿ ಇನ್ನೊಬ್ಬರು ಇರಬೇಕಾ’ ಅಂತ ಕೇಳಿದರು. ಪುರುಷರು ಬೇಕು ಅಂದೆ.

ಪ್ರಶ್ನೆಗಳು ಹತ್ತು ನಿಮಿಷ. ಯಾವ ದಿನ, ಯಾವ ರೀತಿ, ಅದಕ್ಕೆ ಮುಂಚೆ ಯಾರು, ಯಾವ ಔಷಧಿ ಆಗಲ್ಲ. ಗುಳಿಗೆ ಪಟ್ಟಿಯ ಫೋಟೋ ತೋರಿಸಿದೆ. ‘ಇದನ್ನು ಹೇಳಿದ್ದು ತುಂಬಾ ಒಳ್ಳೆಯದಾಯಿತು’ ಅಂದರು. ಬಯ್ಯಲಿಲ್ಲ. ಆಮೇಲೆ ಪರದೆ ಹಿಂದೆ. ತುದಿಯಿಂದ ಸಣ್ಣ ಉಂಗುರದಂಥ ಕಡ್ಡಿಯಲ್ಲಿ ಕೀವು ತೆಗೆದು ಗಾಜಿನ ಮೇಲೆ ಸವರಿದರು. ಎರಡು ಸೆಕೆಂಡ್ ಚುರುಕ್ ಅಂತು. ಮೂತ್ರದ ಮೊದಲ ಧಾರೆಯನ್ನು ಬಾಟಲಿಗೆ ಹಿಡಿಯಲು ಹೇಳಿದರು, ಮಧ್ಯದ್ದಲ್ಲ. ತೋಳಿನಿಂದ ರಕ್ತ.

ಇಪ್ಪತ್ತು ನಿಮಿಷದಲ್ಲಿ ಮತ್ತೆ ಕರೆದರು. ಮೈಕ್ರೋಸ್ಕೋಪ್‌ನಲ್ಲಿ ಕಂಡಿದೆ, ಗೊನೊರಿಯಾ. ಆಗಲೇ ಇಂಜೆಕ್ಷನ್, ಸೆಫ್ಟ್ರಿಯಾಕ್ಸೋನ್ 1 ಗ್ರಾಂ, ಕುಂಡಿಗೆ. ಮರಗಟ್ಟಿಸುವ ಔಷಧಿ ಬೆರೆಸಿದ್ದರೂ ನೋವಾಯಿತು. ಹದಿನೈದು ನಿಮಿಷ ಕೂರಿಸಿ, ಅಲರ್ಜಿ ಏನೂ ಇಲ್ಲ ಅಂತ ನೋಡಿ ಕಳಿಸಿದರು. ಮರುದಿನ ಸಂಜೆಗೆ ಉರಿ ಇಲ್ಲ. ಒಂದು ಪೌಂಡೂ ಕೇಳಲಿಲ್ಲ. ವೀಸಾ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಹುಡುಗಿಗೆ ತಿಳಿಸಲೇಬೇಕು ಅಂದರು. ನನಗೆ ಅದೇ ಕಷ್ಟ ಇತ್ತು. ನಂಬರ್ ಕೊಟ್ಟರೆ ನನ್ನ ಹೆಸರಿಲ್ಲದೆ ಕ್ಲಿನಿಕ್‌ನಿಂದಲೇ ಮೆಸೇಜ್ ಹೋಗುತ್ತದೆ ಅಂದರು. ನಾನು ಯೋಚನೆ ಮಾಡಿ ನಾನೇ ಫೋನ್ ಮಾಡಿದೆ. ಅವಳಿಗೆ ಏನೂ ತೊಂದರೆ ಕಂಡಿರಲಿಲ್ಲವಂತೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹೇಳಿದ್ದಕ್ಕೆ ಥ್ಯಾಂಕ್ಸ್’ ಅಂದಳು.

ಬೆಟಗೇರಿ_ಅಕ್ಕ

ನೀನೇ ಫೋನ್ ಮಾಡಿದ್ದು ಓದಿ ಮನಸ್ಸು ತುಂಬಿ ಬಂತು. ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಏನೂ ಗೊತ್ತೇ ಆಗಲ್ಲ. ಬಿಟ್ಟರೆ ಗರ್ಭಕೋಶಕ್ಕೆ, ಟ್ಯೂಬಿಗೆ ಏರಿ ಮುಂದೆ ಮಕ್ಕಳಾಗಲು ಕಷ್ಟ ಆಗಬಹುದು. ಅದಕ್ಕೇ ನಾವು ಅಷ್ಟು ಒತ್ತಾಯ ಮಾಡುವುದು.

ಉರಿ ಹೋಯಿತು ಅಂತ ಮುಗಿಯಲಿಲ್ಲ. ಎರಡು ವಾರ ಕಳೆದ ಮೇಲೆ ವಾಸಿ ಆಗಿದೆಯಾ ಅಂತ ಮತ್ತೆ ಪರೀಕ್ಷೆ ಇರುತ್ತದೆ, ತಪ್ಪಿಸಬೇಡ. ನಿನಗೆ ಗುಳಿಗೆ ಮೊದಲೇ ಹೋಗಿರುವುದರಿಂದ ಇನ್ನೂ ಮುಖ್ಯ. ಅದಕ್ಕೂ ಬೇಗ ಮಾಡಿಸಿದರೆ ಸತ್ತ ರೋಗಾಣುವಿನ ಚೂರನ್ನೂ ಯಂತ್ರ ಹಿಡಿದು ‘ಇದೆ’ ಅನ್ನಬಹುದು, ಸುಮ್ಮನೆ ಗಾಬರಿ.

ಬ್ಯಾಡಗಿ_ಖಾರ

ನಾನು ಹೇಳಿದ್ದು ತಪ್ಪಾಯಿತು, ಒಪ್ಪಿದೆ. ಆದರೆ ಒಂದು ಕೇಳುತ್ತೇನೆ. ಮುಂದೆ ಹೆಣ್ಣು ನೋಡುವಾಗ ಇದನ್ನು ಅವರಿಗೆ ಹೇಳಬೇಕಾ?

ಉಣಕಲ್_ಕೆರೆ

ವಾಸಿಯಾದ ಕಾಯಿಲೆಗೆ ಯಾಕೆ ಹೇಳಬೇಕು? ಟೈಫಾಯ್ಡ್ ಬಂದಿತ್ತು ಅಂತ ಯಾರು ಹೇಳುತ್ತಾರೆ?

ಹಾವೇರಿ_ಹೆಣ್ಣುಮಗಳು

ನಾನು ಆ ಹುಡುಗಿ ಆಗಿದ್ದರೆ ಗೊತ್ತಾಗಬೇಕು ಅನ್ನುತ್ತಿದ್ದೆ. ಕಾಯಿಲೆ ಬಗ್ಗೆ ಅಲ್ಲ, ಪರೀಕ್ಷೆ ಎಲ್ಲ ಮುಗಿದು ಸರಿ ಇದೆ ಅನ್ನುವುದರ ಬಗ್ಗೆ. ನಮ್ಮ ಕಡೆ ಜಾತಕ ಕೇಳುತ್ತಾರೆ, ಸಂಬಳದ ಚೀಟಿ ಕೇಳುತ್ತಾರೆ. ಇಬ್ಬರ ರಕ್ತ ಪರೀಕ್ಷೆ ಕೇಳಿದರೆ ಮಾತ್ರ ಮರ್ಯಾದೆ ಹೋಗುತ್ತದಾ?

ಬೆಂಗೇರಿ_ಕಾಕಾ

ನಮ್ಮ ಮನೆಯಲ್ಲಿ ಮಗಳ ಮದುವೆಗೆ ಇಬ್ಬರೂ ಹೋಗಿ ಮಾಡಿಸಿಕೊಂಡು ಬನ್ನಿ ಅಂತ ನಾನೇ ಹೇಳಿದ್ದೆ. ಬೀಗರು ಎರಡು ದಿನ ಮಾತು ಬಿಟ್ಟರು. ಆಮೇಲೆ ಸರಿಯಾದರು. ಎಚ್‌ಐವಿ ಪರೀಕ್ಷೆ ನಮ್ಮ ಕಿಮ್ಸ್‌ನಲ್ಲೂ ಉಚಿತ. ಮೊದಲು ಕೂರಿಸಿ ಮಾತಾಡುತ್ತಾರೆ, ಒಪ್ಪಿಗೆ ಕೇಳುತ್ತಾರೆ, ಆಮೇಲೆ ರಕ್ತ. ಊರಲ್ಲಿದ್ದು ಯಾರಿಗೆ ಕೇಳಬೇಕು ಗೊತ್ತಿಲ್ಲದವರಿಗೆ 1097 ಅಂತ ಸಹಾಯವಾಣಿಯೂ ಇದೆ.

ದುರ್ಗದಬೈಲ್_34

ಕಾಕಾ, ಇದನ್ನು ನೀವು ಹೇಳಿದ್ದು ನನಗೆ ತುಂಬಾ ಹಿಡಿಸಿತು.

ಮಾಳಮಡ್ಡಿ_ಮಂಜು

ನಾನು ಎರಡನೇ ಔಷಧಿಯ ಕೋರ್ಸ್ ಮಧ್ಯೆ ಇದ್ದೇನೆ. ಅರ್ಧಕ್ಕೆ ಬಿಡಬೇಕಾ, ಮುಗಿಸಬೇಕಾ? ಇಲ್ಲೇ ಹೇಳಿ.

ಬೆಟಗೇರಿ_ಅಕ್ಕ

ನಿನ್ನನ್ನು ನೋಡದೆ ಅದನ್ನು ಇಲ್ಲಿ ಹೇಳಲ್ಲ ಮಂಜು. ಎರಡೂ ರಿಪೋರ್ಟ್ ಹಿಡಿದುಕೊಂಡು ನಿಮ್ಮ ಏರಿಯಾದ ಕ್ಲಿನಿಕ್‌ಗೆ ಫೋನ್ ಮಾಡು. ‘ಹೊರಗೆ ಹೀಗೆ ಚಿಕಿತ್ಸೆ ಕೊಟ್ಟಿದ್ದಾರೆ, ಬೇಕಾ ಬೇಡವಾ’ ಅಂತ ಕೇಳು. ಅದಕ್ಕೂ ದುಡ್ಡಿಲ್ಲ.

ಸಾಧನಕೇರಿ_28 (ಎಂಟು ದಿನದ ನಂತರ)

ಮೆಸೇಜ್ ಬಂತು. ಗೊನೊರಿಯಾ ಜೊತೆ ಕ್ಲಮಿಡಿಯಾ ಕೂಡ ಇದೆಯಂತೆ. ಅಷ್ಟು ಅಜಿತ್ರೊಮೈಸಿನ್ ನುಂಗಿದ ಮೇಲೂ. ಎಚ್‌ಐವಿ, ಸಿಫಿಲಿಸ್ ಸದ್ಯಕ್ಕೆ ಇಲ್ಲ. 45 ದಿನ ಆದ ಮೇಲೆ ಎಚ್‌ಐವಿಗೆ ಮತ್ತೆ ಹೋಗಬೇಕು, ಕ್ಯಾಲೆಂಡರ್‌ನಲ್ಲಿ ಹಾಕಿಕೊಂಡಿದ್ದೇನೆ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಕೊಟ್ಟಿದ್ದಾರೆ, ದಿನಕ್ಕೆ ಎರಡು, ಏಳು ದಿನ. ಅವಳಿಗೂ ತಿಳಿಸಿದೆ, ಅವಳೂ ಕ್ಲಿನಿಕ್‌ಗೆ ಹೋಗಿದ್ದಾಳೆ. ನಿನ್ನೆ ರಾತ್ರಿ ಮೊದಲ ಗುಳಿಗೆ ನುಂಗಿ ಮಲಗಿದೆ, ಬೆಳಿಗ್ಗೆ ಎದೆಯಲ್ಲಿ ಉರಿ. ಇದು ಅಲರ್ಜಿಯಾ ಅಕ್ಕಾ?

ಬೆಟಗೇರಿ_ಅಕ್ಕ

ತುಟಿ ಊದಿಕೊಳ್ಳುವುದು, ಮೈಮೇಲೆ ದದ್ದು, ಉಸಿರಾಟಕ್ಕೆ ಕಷ್ಟ ಏನಾದರೂ ಇದೆಯಾ? ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗು. ಬರೀ ಎದೆಯುರಿ ಆದರೆ ಗುಳಿಗೆ ಅನ್ನನಾಳದಲ್ಲಿ ಅಂಟಿಕೊಂಡಿರುತ್ತದೆ, ಈ ಗುಳಿಗೆಯ ಗುಣವೇ ಅದು. ಊಟದ ಜೊತೆ ತಗೋ, ದೊಡ್ಡ ಲೋಟ ನೀರು ಕುಡಿ. ನುಂಗಿದ ಮೇಲೆ ಅರ್ಧ ಗಂಟೆಯಾದರೂ ಮಲಗಬೇಡ. ಇವತ್ತಿಗೂ ಉರಿ ಹೋಗದಿದ್ದರೆ ಕ್ಲಿನಿಕ್‌ಗೆ ಫೋನ್ ಮಾಡು, ನಂಬರ್ ಆ ಮೆಸೇಜ್‌ನಲ್ಲೇ ಇರುತ್ತದೆ.

ಸಾಧನಕೇರಿ_28

ದದ್ದು, ಊತ ಏನೂ ಇಲ್ಲ. ಇವತ್ತು ಚಪಾತಿ ತಿಂದು ತಗೊಂಡೆ, ಕೂತೇ ಇದ್ದೇನೆ. ಅಂದಹಾಗೆ ಬೆನ್ನು ನೋವಿನ ಅಪಾಯಿಂಟ್‌ಮೆಂಟ್ ರದ್ದು ಮಾಡಿದೆ, ಇನ್ಯಾರಿಗಾದರೂ ಆ ಸಮಯ ಸಿಗಲಿ ಅಂತ.